ಎರಡು ಗೂಡು ಖಾಲಿ ಇರಲಿ

ಶಿವಮೊಗ್ಗದ ಅಕ್ಕನ ಮನೆಯ ಫೋಟೊಗಳು ಮೂರು ಫೋನು, ಒಂದು ಹಳೆಯ ಲ್ಯಾಪ್‌ಟಾಪು, ನಾಲ್ಕಾರು ಪೆನ್‌ಡ್ರೈವ್‌ಗಳಲ್ಲಿ ಚದುರಿಹೋಗಿದ್ದವು. ಹೋದ ಬೇಸಿಗೆಯಲ್ಲಿ ಅವರಿಗೊಂದು ನ್ಯಾಸ್ ಕೂರಿಸಿಕೊಟ್ಟೆ. ರೂಟರ್‌ಗೆ ತಂತಿಯಲ್ಲಿ ಸೇರಿಸುವ, ಹೊಟ್ಟೆಯ ತುಂಬ ಹಾರ್ಡ್‌ಡಿಸ್ಕ್ ಇಟ್ಟುಕೊಂಡ ಪುಟ್ಟ ಕಂಪ್ಯೂಟರ್ ಅದು. ಮನೆಯವರೆಲ್ಲ ವೈಫೈನಲ್ಲೇ ಅದರೊಳಗೆ ಫೈಲು ಇಡಬಹುದು, ತೆಗೆಯಬಹುದು.

ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕಿದೆವು. ಇದ್ದದ್ದೆಲ್ಲ ಸೇರಿ 1.1 ಟಿಬಿ. ವರ್ಷಕ್ಕೆ ಕಾಲು ಟಿಬಿ ಸೇರುತ್ತದೆಂದರೆ ಐದು ವರ್ಷಕ್ಕೆ ಸುಮಾರು 2.4. "ಹಾಗಾದ್ರೆ ಒಂದೇ 4 ಟಿಬಿ ಡಿಸ್ಕ್ ಸಾಕಲ್ಲ?" ಅಂದರು ಭಾವ. ಜಾಗಕ್ಕೆ ಸಾಕು. ಆದರೆ ಆ ಒಂದು ಡಿಸ್ಕ್ ಕೆಟ್ಟ ದಿನ ಎಲ್ಲವೂ ಹೋಯಿತು. ಹಾಗಾಗಿ 4 ಟಿಬಿಯ ಎರಡು ಡಿಸ್ಕ್ ತಂದು, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬೀಳುವ ಹಾಗೆ ಜೋಡಿ ಮಾಡಿದೆವು. ಇದೇ ರೇಡ್ 1. ಪರದೆಯ ಮೇಲೆ ಕಾಣುವ ಜಾಗ ಸುಮಾರು 3.6 ಟಿಬಿ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಯಂತ್ರ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ.

ಡಿಸ್ಕ್ ಎರಡೇ ಆದರೂ ನಾಲ್ಕು ಬೇ, ಅಂದರೆ ನಾಲ್ಕು ಗೂಡು ಇರುವ ಪೆಟ್ಟಿಗೆಯನ್ನೇ ಕೊಳ್ಳಿಸಿದೆ. ಎರಡೇ ಗೂಡಿನ ಪೆಟ್ಟಿಗೆ ತುಂಬಿದರೆ ಎರಡೂ ಡಿಸ್ಕ್ ತೆಗೆದು ದೊಡ್ಡವನ್ನು ಹಾಕಬೇಕು. ಗೂಡು ಖಾಲಿ ಇದ್ದರೆ ಇನ್ನೊಂದು 4 ಟಿಬಿ ಸೇರಿಸಿ, ಇದ್ದದ್ದನ್ನು ಅಳಿಸದೆಯೇ ರೇಡ್ 5ಕ್ಕೆ ತಿರುಗಿಸಿಕೊಳ್ಳಬಹುದು. ಆಗ ಸಿಗುವ ಜಾಗ ದುಪ್ಪಟ್ಟು. ಮನೆ ಬಳಕೆಯ ನ್ಯಾಸ್‌ಗಳಲ್ಲಿ ಬಹುಪಾಲು ಇದಕ್ಕೆ ಒಪ್ಪುತ್ತವೆ. ಝಡ್‌ಎಫ್‌ಎಸ್ ಬಳಸುವ ಯಂತ್ರ ಮಾತ್ರ ಒಪ್ಪುವುದಿಲ್ಲ, ಅಲ್ಲಿ ಜೋಡಿಯಾಗಿ ಶುರುವಾದದ್ದು ಜೋಡಿಯಾಗಿಯೇ ಉಳಿಯುತ್ತದೆ. ಡಿಸ್ಕ್ ಸೇರಿಸುವುದು ಸುಲಭ, ಸೇರಿಸಿದ್ದನ್ನು ಹಿಂದೆಗೆಯುವುದು ಸುಲಭವಲ್ಲ. ನ್ಯಾಸ್‌ನ ಎಲ್ಲ ತೀರ್ಮಾನಗಳಲ್ಲೂ ನಾನು ಮೊದಲು ನೋಡುವುದು ಇದನ್ನೇ.

ಡಿಸ್ಕ್ ಆರಿಸುವಾಗ ಗಾತ್ರಕ್ಕಿಂತ ಬರೆಯುವ ಬಗೆ ಮುಖ್ಯ. ಎಸ್‌ಎಂಆರ್ ಎಂಬ ಬಗೆಯಲ್ಲಿ ದತ್ತಾಂಶದ ಸಾಲುಗಳು ಮಂಗಳೂರು ಹಂಚಿನ ಮಾಡಿನಂತೆ ಒಂದರ ಮೇಲೊಂದು ಅಂಚು ಚಾಚಿ ಕೂತಿರುತ್ತವೆ. ನಡುವಿನ ಒಂದು ಹಂಚು ಬದಲಿಸಲು ಮೇಲಿನವನ್ನೆಲ್ಲ ಎತ್ತಬೇಕಲ್ಲ, ಹಾಗೆಯೇ ಒಂದು ಸಾಲು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನನಿತ್ಯ ಇದು ಗೊತ್ತಾಗುವುದಿಲ್ಲ. ಒಂದು ಡಿಸ್ಕ್ ಸತ್ತು, ಹೊಸದಕ್ಕೆ 4 ಟಿಬಿಯನ್ನೂ ಒಂದೇ ಸಮನೆ ಬರೆಯಬೇಕಾದಾಗ ಗೊತ್ತಾಗುತ್ತದೆ. ಸಿಎಂಆರ್ ಡಿಸ್ಕ್ ಏಳೆಂಟು ಗಂಟೆಯಲ್ಲಿ ಮುಗಿಸುವ ಕೆಲಸವನ್ನು ಎಸ್‌ಎಂಆರ್ ದಿನಗಟ್ಟಲೆ ಎಳೆಯಬಹುದು. ಕಾದು ಬೇಸತ್ತ ನ್ಯಾಸ್ ಆ ಡಿಸ್ಕನ್ನೇ ಕೆಟ್ಟದ್ದೆಂದು ಹೊರಹಾಕುವುದೂ ಉಂಟು. ಡಬ್ಬಿಯ ಮೇಲೆ 'ನ್ಯಾಸ್' ಎಂದಿದ್ದರೆ ಸಾಲದು. ಮಾಡೆಲ್ ಸಂಖ್ಯೆ ಹಿಡಿದು ತಯಾರಕರ ವಿವರಪಟ್ಟಿಯಲ್ಲಿ ಸಿಎಂಆರ್ ಎಂದಿದೆಯೇ ನೋಡಬೇಕು.

ತಂದ ಡಿಸ್ಕ್‌ಗೆ ಒಂದೇ ಒಂದು ಫೋಟೊ ಹಾಕುವ ಮೊದಲು ನ್ಯಾಸ್‌ನ ಮೆನುವಿನಲ್ಲಿರುವ ದೀರ್ಘ ಸ್ಮಾರ್ಟ್ ಪರೀಕ್ಷೆಗೆ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದರಲ್ಲಿ `Current_Pending_Sector` ಎದುರು 8 ಎಂದಿತ್ತು. ಓದಲಾಗದ ಜಾಗ ಆಗಲೇ ಹುಟ್ಟಿಕೊಂಡಿದೆ ಎಂದರ್ಥ. ಹೊಸ ಡಿಸ್ಕ್‌ನಲ್ಲಿ ಅಲ್ಲಿ ಸೊನ್ನೆಯೇ ಇರಬೇಕು. ಅದೇ ದಿನ ಅಂಗಡಿಗೆ ಮರಳಿಸಿ ಬೇರೆ ತಂದೆವು.

ಇನ್ನು ವಾಲ್ಯೂಮ್. ಫೋಟೊಗೊಂದು, ಆಫೀಸಿಗೊಂದು, ಸಿನಿಮಾಕ್ಕೊಂದು ಅಂತ ಮೂರು ಭಾಗ ಮಾಡೋಣ ಎಂದರು ಭಾವ. ನಾನು ಒಪ್ಪಲಿಲ್ಲ. ವಾಲ್ಯೂಮ್ ಎಂದರೆ ಗೋಡೆ ಕಟ್ಟಿದಂತೆ: ಫೋಟೊದ ಕೋಣೆ ತುಂಬಿ ಉಸಿರುಗಟ್ಟುತ್ತಿದ್ದರೂ ಸಿನಿಮಾದ ಕೋಣೆ ಖಾಲಿ ಬಿದ್ದಿರುತ್ತದೆ. ಹಿಗ್ಗಿಸಬಹುದು, ಕುಗ್ಗಿಸಲು ಹೆಚ್ಚಿನ ಯಂತ್ರಗಳು ಬಿಡುವುದಿಲ್ಲ. ಹಾಗಾಗಿ ಒಂದೇ ವಾಲ್ಯೂಮ್, ಬಿಟಿಆರ್‌ಎಫ್‌ಎಸ್‌ನಲ್ಲಿ. ಅದರೊಳಗೆ ಮೂರು ಶೇರ್ಡ್ ಫೋಲ್ಡರ್. ಸಿನಿಮಾಕ್ಕೆ ಮಾತ್ರ 500 ಜಿಬಿಯ ಮಿತಿ. ಮಿತಿಯನ್ನು ಯಾವಾಗ ಬೇಕಾದರೂ ತಿದ್ದಬಹುದು.

ಬಿಟಿಆರ್‌ಎಫ್‌ಎಸ್ ಆರಿಸಿದ್ದು ಸ್ನ್ಯಾಪ್‌ಶಾಟ್‌ಗಾಗಿ. ಫೋಲ್ಡರ್ ಆ ಗಳಿಗೆಯಲ್ಲಿ ಹೇಗಿತ್ತೋ ಹಾಗೆ ಅದು ನೆನಪಿಟ್ಟುಕೊಳ್ಳುತ್ತದೆ. ಬದಲಾದಷ್ಟಕ್ಕೆ ಮಾತ್ರ ಜಾಗ ತಿನ್ನುತ್ತದೆ. ದಿನಕ್ಕೊಂದರಂತೆ ಮೂವತ್ತು ದಿನ ಉಳಿಯಲಿ ಎಂದು ಹೊಂದಿಸಿದ್ದೆ. ಎರಡೇ ತಿಂಗಳಿಗೆ ಅಕ್ಕನ ಮಗಳು ಫೋನಿನಲ್ಲಿ ಜಾಗ ಮಾಡಿಕೊಳ್ಳಲು ಹೋಗಿ ನ್ಯಾಸ್‌ನಲ್ಲಿದ್ದ ಹಂಪಿ ಪ್ರವಾಸದ ಫೋಲ್ಡರ್ ಅಳಿಸಿದಳು. ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಹೋಯಿತು, ಏಕೆಂದರೆ ಜೋಡಿ ಡಿಸ್ಕ್ ಅಳಿಸುವುದನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಹಿಂದಿನ ದಿನದ ಸ್ನ್ಯಾಪ್‌ಶಾಟ್‌ನಿಂದ ಐದೇ ನಿಮಿಷದಲ್ಲಿ ಮರಳಿ ಬಂತು.

ಆದರೆ ಪೆಟ್ಟಿಗೆಯೇ ಸಿಡಿಲಿಗೆ ಸುಟ್ಟರೆ ಸ್ನ್ಯಾಪ್‌ಶಾಟೂ ಅದರೊಂದಿಗೇ ಹೋಗುತ್ತದೆ. ಅದಕ್ಕೆ ಒಂದು ಯುಎಸ್‌ಬಿ ಡಿಸ್ಕ್ ಬೇರೆ ಇದೆ. ತಿಂಗಳ ಮೊದಲ ಭಾನುವಾರ ಭಾವ ಅದಕ್ಕೆ ನಕಲು ತೆಗೆದು, ಭದ್ರಾವತಿಯ ತಮ್ಮನ ಮನೆಯ ಬೀರುವಿನಲ್ಲಿ ಇಟ್ಟು ಬರುತ್ತಾರೆ.