ಗೆರೆಗೆ ಎರಡೇ ತುದಿ

ಕೆಲವು ಊರು, ಅವುಗಳ ನಡುವೆ ಕೆಲವು ರಸ್ತೆ. ಕಾಗದದ ಮೇಲೆ ಊರನ್ನು ಬಿಂದುವಾಗಿಯೂ ರಸ್ತೆಯನ್ನು ಗೆರೆಯಾಗಿಯೂ ಬರೆದರೆ ಅದೇ ಗಣಿತದವರ ಗ್ರಾಫ್. ಈಗ ಊರುಗಳನ್ನು ಮರೆತು ಪ್ರತಿ ರಸ್ತೆಗೊಂದು ಬಿಂದು ಇಡಿ. ಯಾವ ಎರಡು ರಸ್ತೆಗಳು ಒಂದೇ ಊರಿನಲ್ಲಿ ಕೂಡುತ್ತವೋ ಅವುಗಳ ಬಿಂದುಗಳನ್ನು ಗೆರೆಯಿಂದ ಜೋಡಿಸಿ. ಹೀಗೆ ಹುಟ್ಟಿದ್ದು ಲೈನ್ ಗ್ರಾಫ್. ಒಂದೇ ಊರಿನಲ್ಲಿ ಐದು ರಸ್ತೆ ಕೂಡಿದರೆ ಹೊಸ ಚಿತ್ರದ ಐದೂ ಬಿಂದುಗಳು ಪರಸ್ಪರ ಸೇರಿ ಹತ್ತು ಗೆರೆಗಳಾಗುತ್ತವೆ.

ಹಿಮ್ಮುಖವಾಗಿ ಕೇಳಿದಾಗಲೇ ಸ್ವಾರಸ್ಯ: ಕೈಗೆ ಸಿಕ್ಕ ಚಿತ್ರ ಯಾವುದಾದರೂ ರಸ್ತೆಜಾಲದಿಂದ ಹುಟ್ಟಿರಬಹುದೇ? ನಾಲ್ಕು ಬಿಂದುಗಳ, ಬಿಡಿಭಾಗಗಳಿಲ್ಲದ ಗ್ರಾಫುಗಳು ಒಟ್ಟು ಆರು. ಐದಕ್ಕೆ ಮೂಲ ಸಿಗುತ್ತದೆ, ಒಂದಕ್ಕಿಲ್ಲ. ಅದು ನಡುವಿನ ಬಿಂದುವಿನಿಂದ ಮೂರು ಗೆರೆ ಹೊರಟು, ತುದಿಗಳು ಒಂದಕ್ಕೊಂದು ಸೇರದ ಆಕೃತಿ. ಇಂಗ್ಲಿಷಿನವರು ಇದನ್ನು ಕ್ಲಾ, ಅಂದರೆ ಹಕ್ಕಿಯ ಉಗುರು ಎನ್ನುತ್ತಾರೆ. ಕಾರಣ ಸರಳ. ನಡುವಿನ ಬಿಂದು ಒಂದು ರಸ್ತೆ; ರಸ್ತೆಗಿರುವುದು ಎರಡೇ ತುದಿ. ಮೂರು ರಸ್ತೆಗಳು ಬಂದು ತಾಗಿದರೆ ಎರಡಾದರೂ ಒಂದೇ ತುದಿಗೆ ಬರಲೇಬೇಕು. ಬಂದವು ಪರಸ್ಪರ ಸೇರಿದಂತೆಯೇ.

ಇನ್ನೊಂದು ಉದಾಹರಣೆ ನನಗೆ ಇದಕ್ಕಿಂತ ಇಷ್ಟ. ಐದು ಬಿಂದುಗಳೂ ಪರಸ್ಪರ ಸೇರಿದ ಚಿತ್ರಕ್ಕೆ ಮೂಲವಿದೆ ಎಂದು ಆಗಲೇ ಕಂಡೆವು. ಆ ಹತ್ತು ಗೆರೆಗಳಲ್ಲಿ ಒಂದನ್ನು ಅಳಿಸಿ ನೋಡಿ. ಈಗ ಸೇರದೆ ಉಳಿದ ಎರಡು ಬಿಂದುಗಳನ್ನು ಎರಡು ಪ್ರತ್ಯೇಕ ರಸ್ತೆಗಳೆನ್ನೋಣ: ಒಂದು 1–2 ಊರುಗಳ ನಡುವೆ, ಇನ್ನೊಂದು 3–4ರ ನಡುವೆ. ಉಳಿದ ಮೂರು ರಸ್ತೆಗಳು ಈ ಎರಡನ್ನೂ ತಾಗಬೇಕು. ಹಾಗಾಗಿ ಅವು 1–3, 1–4, 2–3, 2–4 ಎಂಬ ನಾಲ್ಕರೊಳಗಿನವೇ. ಆ ಮೂರೂ ಒಂದನ್ನೊಂದು ತಾಗಲೂ ಬೇಕು. 1–3, 1–4 ಊರು 1ರಲ್ಲಿ ಕೂಡುತ್ತವೆ, ಸರಿ. ಮೂರನೆಯದಾಗಿ 2–3 ತಂದರೆ 1–4ನ್ನು ತಾಗದು. 2–4 ತಂದರೆ 1–3ನ್ನು ತಾಗದು. ಬೇರೆ ಯಾವ ಎರಡರಿಂದ ಶುರುಮಾಡಿದರೂ ಇದೇ ಗತಿ. ಒಂದೇ ಒಂದು ಗೆರೆ ಅಳಿಸಿದ್ದಕ್ಕೆ ಮೂಲವೇ ಇಲ್ಲವಾಯಿತು!

ಇಂಥ ಅಡ್ಡಿಗಳ ಪಟ್ಟಿ ಮುಗಿಯದೆಂದು ತೋರಬಹುದು. ಆದರೆ ಲೊವೆಲ್ ಬೈನೆಕೆ 1970ರಲ್ಲಿ ಪ್ರಕಟಿಸಿದ ಪ್ರಮೇಯದ ಪ್ರಕಾರ ಅವು ಒಂಬತ್ತೇ. ಅತಿ ದೊಡ್ಡದಕ್ಕೂ ಆರೇ ಬಿಂದು. ಗ್ರಾಫ್ ಎಷ್ಟೇ ದೊಡ್ಡದಿರಲಿ, ಕೆಲವು ಬಿಂದುಗಳನ್ನು ಆಯ್ದು ಅವುಗಳ ನಡುವಿನ ಎಲ್ಲ ಗೆರೆಗಳನ್ನೂ ಉಳಿಸಿಕೊಂಡಾಗ ಈ ಒಂಬತ್ತರಲ್ಲಿ ಒಂದೂ ಕಾಣದಿದ್ದರೆ ಅದು ಲೈನ್ ಗ್ರಾಫೇ. ಉಳಿಸಿಕೊಳ್ಳುವ ಈ ಷರತ್ತು ಮರೆತವರಿಗೆ ಎಲ್ಲೆಲ್ಲೂ ಉಗುರೇ ಕಂಡೀತು.

ಮೂಲ ಸಿಕ್ಕರೆ ಅದು ಒಂದೇ ಇರುತ್ತದೆಯೇ? ಬಿಡಿಭಾಗಗಳಿಲ್ಲದ ಗ್ರಾಫುಗಳಲ್ಲಿ ಹೌದು, ಒಂದು ಅಪವಾದ ಬಿಟ್ಟು. ಇದನ್ನು 1932ರಲ್ಲಿ ಹ್ಯಾಸ್ಲರ್ ವಿಟ್ನಿ ತೋರಿಸಿದರು. ಆ ಅಪವಾದ ತ್ರಿಕೋನ: ಅದು ತ್ರಿಕೋನದಿಂದಲೂ ಹುಟ್ಟುತ್ತದೆ, ಮೂರು ರಸ್ತೆ ಕೂಡುವ ಊರಿನಿಂದಲೂ ಹುಟ್ಟುತ್ತದೆ.

ಇಷ್ಟೆಲ್ಲ ನಿಂತಿರುವುದು ಎರಡು ಊರುಗಳ ನಡುವೆ ಒಂದೇ ರಸ್ತೆ ಎಂಬ ಕಟ್ಟಳೆಯ ಮೇಲೆ. ಅದನ್ನು ಸಡಿಲಿಸಿ 1–3ರ ನಡುವೆ ಎರಡು ರಸ್ತೆ ಹಾಕಿ, ಜೊತೆಗೆ 1–4 ಇಡಿ: ಐದು ಬಿಂದುಗಳ ಆ ಚಿತ್ರಕ್ಕೆ ಮೂಲ ಸಿಕ್ಕಿಬಿಡುತ್ತದೆ. ಉಗುರಿಗೆ ಮಾತ್ರ ಆಗಲೂ ಸಿಗುವುದಿಲ್ಲ.