ಉಪ್ಪನ ಫೋನ್ ಹೊರಟರೆ ನೆಟ್ಟೂ ಹೊರಟಿತು: ಮಗುವಿಗೆ ಕ್ರೋಮ್‌ಬುಕ್ಕೋ, ವಿಂಡೋಸ್ ಲ್ಯಾಪ್‌ಟಾಪೋ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ನಮ್ಮ ಮನೆಗಳಲ್ಲಿ ಹೈಸ್ಕೂಲ್ ಸೇರಿದ ಮಗುವಿಗೆ ಲ್ಯಾಪ್‌ಟಾಪ್ ತೆಗೆದುಕೊಡುವ ಮಾತು ಬಂದಾಗ ಈಗ ಎರಡು ಹೆಸರು ಕಿವಿಗೆ ಬೀಳುತ್ತವೆ. ಒಂದು, ಎಲ್ಲರಿಗೂ ಗೊತ್ತಿರುವ ವಿಂಡೋಸ್. ಇನ್ನೊಂದು, ಅದಕ್ಕಿಂತ ಅಗ್ಗಕ್ಕೆ ಸಿಗುವ, ಆನ್ ಮಾಡಿದ ಕೂಡಲೇ ಏಳುವ ಕ್ರೋಮ್‌ಬುಕ್. ಅಂಗಡಿಯವರು ಬೆಲೆ ಹೇಳುತ್ತಾರೆ, ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದೂ ಹೇಳುತ್ತಾರೆ. ಆದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಮನೆಯ ನೆಟ್ ಯಾರ ಜೇಬಿನಲ್ಲಿದೆ?

ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಜ್ಜಂಪುರದ ಹತ್ತಿರದ ಹಳ್ಳಿ. ಉಪ್ಪನಿಗೆ ಕಡೂರಿನಲ್ಲಿ ಅಂಗಡಿ. ಬೆಳಿಗ್ಗೆ 8ಕ್ಕೆ ಹೊರಟರೆ ಮರಳುವುದು ರಾತ್ರಿ 9ಕ್ಕೆ. ಮನೆಗೆ ವೈಫೈ ಇಲ್ಲ, ಉಪ್ಪನ ಫೋನಿನ ಹಾಟ್‌ಸ್ಪಾಟೇ ಎಲ್ಲ. ಮಗಳು ಒಂಬತ್ತನೇ ಕ್ಲಾಸು, ಶಾಲೆಯಿಂದ ಬರುವುದು ಸಂಜೆ 5ಕ್ಕೆ. ಅಂದರೆ ಅವಳು ಓದಲು ಕೂರುವ ನಾಲ್ಕು ಗಂಟೆ ಮನೆಯಲ್ಲಿ ನೆಟ್ ಇರುವುದಿಲ್ಲ. ಆ ನಾಲ್ಕು ಗಂಟೆಯಲ್ಲಿ ಯಾವ ಯಂತ್ರ ಏನು ಮಾಡಿಕೊಡುತ್ತದೆ ಎಂಬುದೇ ವಿಷಯ.

‘ಕ್ರೋಮ್‌ಬುಕ್ ನೆಟ್ ಇಲ್ಲದೆ ಡಬ್ಬ’ ಎನ್ನುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ಮೊದಲ ಸಲ ಆನ್ ಮಾಡಿ ಗೂಗಲ್ ಖಾತೆ ಹಾಕಲು ನೆಟ್ ಬೇಕೇ ಬೇಕು. ಆಮೇಲೆ ಅದೇ ಪಾಸ್‌ವರ್ಡ್‌ನಲ್ಲಿ ನೆಟ್ ಇಲ್ಲದೆಯೂ ಒಳಗೆ ಹೋಗಬಹುದು. ಮೊದಲೇ ಇಳಿಸಿಟ್ಟ ಪಠ್ಯಪುಸ್ತಕದ ಪಿಡಿಎಫ್ ತೆರೆಯುತ್ತದೆ, ಪೆನ್‌ಡ್ರೈವ್‌ನಲ್ಲಿ ತಂದ ಪಾಠದ ವಿಡಿಯೋ ಓಡುತ್ತದೆ. ತೊಂದರೆ ಬರುವುದು ಬರೆಯುವ ಕೆಲಸಕ್ಕೆ. ಅಲ್ಲಿ ಬರವಣಿಗೆ ಹೆಚ್ಚಾಗಿ ನಡೆಯುವುದು ಗೂಗಲ್ ಡಾಕ್ಸ್‌ನಲ್ಲಿ, ಫೈಲು ಇರುವುದು ಗೂಗಲ್‌ನ ಡ್ರೈವ್‌ನಲ್ಲಿ. ಮೊದಲೇ ತಯಾರಿ ಮಾಡಿಡದಿದ್ದರೆ ಸಂಜೆ ತೆರೆಯುವುದು ಪ್ರಾಜೆಕ್ಟ್ ಅಲ್ಲ, ಪರದೆಯ ಮೇಲಿನ ಸಣ್ಣ ಡೈನೋಸಾರ್. (ಅದರ ಆಟ ಮಾತ್ರ ನೆಟ್ ಇಲ್ಲದೆಯೂ ಚೆನ್ನಾಗಿ ನಡೆಯುತ್ತದೆ, ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ.)

ತಯಾರಿ ಕಷ್ಟದ್ದೇನಲ್ಲ, ಆದರೆ ಉಪ್ಪ ಮನೆಯಲ್ಲಿರುವಾಗಲೇ ಆಗಬೇಕು. ರಾತ್ರಿ ಹಾಟ್‌ಸ್ಪಾಟ್ ಹಾಕಿಸಿಕೊಂಡು, ಕ್ರೋಮ್‌ನಲ್ಲಿ drive.google.com ತೆರೆದು, Settings ಒಳಗೆ Offline ಎಂಬಲ್ಲಿ ಟಿಕ್ ಹಾಕಬೇಕು. Google Docs Offline ಎಂಬ ಎಕ್ಸ್‌ಟೆನ್ಷನ್ ಇಲ್ಲದಿದ್ದರೆ ಸೇರಿಸಿಕೊಳ್ಳಬೇಕು. ನಂತರ ಬೇಕಾದ ಪ್ರತಿ ಫೈಲಿನ ಮೇಲೂ Available offline ಆನ್ ಮಾಡಬೇಕು. ಇಷ್ಟು ಮಾಡಿ ನಂಬಿ ಕೂರಬೇಡಿ. ಅಲ್ಲೇ ವೈಫೈ ಆಫ್ ಮಾಡಿ, ಯಂತ್ರವನ್ನು ಒಮ್ಮೆ ಬಂದ್ ಮಾಡಿ ಮತ್ತೆ ತೆರೆದು, ಆ ಫೈಲಿನಲ್ಲಿ ಎರಡು ಸಾಲು ಬರೆದು ನೋಡಿ. ಬರೆಯಲು ಬಂದರೆ ನಾಳೆಯೂ ಬರುತ್ತದೆ. ರಾತ್ರಿ ಹಾಟ್‌ಸ್ಪಾಟ್ ಸಿಕ್ಕಾಗ ಬರೆದದ್ದು ತಾನಾಗಿ ಮೇಲೆ ಹೋಗುತ್ತದೆ.

ಆದರೂ ಒಂದು ಸಂದು ಉಳಿಯುತ್ತದೆ. ಟೀಚರ್ ಮಧ್ಯಾಹ್ನ ಉಪ್ಪನ ವಾಟ್ಸ್ಆ್ಯಪ್‌ಗೆ ಕಳುಹಿಸಿದ ವರ್ಕ್‌ಶೀಟ್ ಸಂಜೆ ಮಗಳ ಕೈಗೆ ಸಿಗುವುದಿಲ್ಲ. ಇದು ವಿಂಡೋಸ್‌ಗೂ ಇರುವ ತೊಂದರೆಯೇ. ನೆಟ್ ಇಲ್ಲದ ಮನೆಗೆ ಹೊಸ ಫೈಲು ಯಾವ ಲ್ಯಾಪ್‌ಟಾಪಿಗೂ ಹಾರಿ ಬರುವುದಿಲ್ಲ.

ನಿಜವಾದ ಗೋಡೆ ಇನ್ನೊಂದು ಕಡೆ ಇದೆ. ವಿಂಡೋಸ್‌ಗೆಂದು ಮಾಡಿದ, ಹೆಸರಿನ ಕೊನೆಯಲ್ಲಿ .exe ಇರುವ ತಂತ್ರಾಂಶವನ್ನು ಕ್ರೋಮ್‌ಬುಕ್ ಹಾಕಿಕೊಳ್ಳುವುದೇ ಇಲ್ಲ. ನಮ್ಮ ಮಕ್ಕಳಿಗೆ ಇದು ಮೊದಲು ತಟ್ಟುವುದು ಕನ್ನಡದಲ್ಲಿ. ಕನ್ನಡ ಗಣಕ ಪರಿಷತ್ತು ಮಾಡಿದ ನುಡಿ, ವಿಂಡೋಸ್ ತಂತ್ರಾಂಶ. ಕ್ರೋಮ್‌ಬುಕ್‌ನಲ್ಲಿ ಕನ್ನಡ ಬರೆಯಲು ಆಗುವುದಿಲ್ಲ ಎಂದಲ್ಲ, ಯೂನಿಕೋಡ್ ಕನ್ನಡಕ್ಕೆ ಅದರಲ್ಲೇ ಕೀಬೋರ್ಡ್ ಇದೆ. ಆದರೆ ಶಾಲೆಯಿಂದಲೋ ಜೆರಾಕ್ಸ್ ಅಂಗಡಿಯಿಂದಲೋ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಆದ ವರ್ಡ್ ಫೈಲ್ ಬಂದರೆ, ಅದರಲ್ಲಿ ಕಾಣುವುದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಫೈಲ್ ಹಾಳಾಗಿದೆ ಎಂದು ಹೆದರಬೇಕಿಲ್ಲ, ಫಾಂಟ್ ಇಲ್ಲ ಅಷ್ಟೇ. ವಿಂಡೋಸ್‌ನಲ್ಲಾದರೆ ಫಾಂಟ್ ಹಾಕಿದರೆ ಸರಿಹೋಗುತ್ತದೆ. ಕ್ರೋಮ್‌ಬುಕ್‌ನಲ್ಲಿ ಹಾಗೆ ಸಲೀಸಾಗಿ ಹಾಕಲು ಬರುವುದಿಲ್ಲ. ‘ಸರ್, ಪಿಡಿಎಫ್ ಮಾಡಿ ಕೊಡಿ’ ಎಂದು ಕೇಳುವುದೇ ದಾರಿ.

ಎರಡನೆಯದು ಟ್ಯಾಲಿ. ನಮ್ಮಲ್ಲಿ ವ್ಯಾಪಾರದ ಮನೆಗಳು ಹೆಚ್ಚು, ಎಸೆಸೆಲ್ಸಿ ಮುಗಿಸಿ ಕಾಮರ್ಸ್‌ಗೆ ಹೋಗುವ ಮಕ್ಕಳೂ ಹೆಚ್ಚು. ಟ್ಯಾಲಿಪ್ರೈಮ್ ಓಡುವುದು ವಿಂಡೋಸ್‌ನಲ್ಲಿ. ಲೈಸೆನ್ಸ್ ಕೊಳ್ಳದೆ ಎಜುಕೇಷನ್ ಮೋಡ್‌ನಲ್ಲಿ ಕಲಿಯಬಹುದು. ಅದರಲ್ಲಿ ತಿಂಗಳ ಕೆಲವೇ ತಾರೀಖುಗಳಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ, ಕಲಿಯಲು ಅಷ್ಟು ಸಾಕು. ಇನ್ನು ಪೈಥಾನ್. ವಿಂಡೋಸ್‌ಗೆ ಅದನ್ನು ಬೇರೆಲ್ಲಾದರೂ ಇಳಿಸಿ ಪೆನ್‌ಡ್ರೈವ್‌ನಲ್ಲಿ ತಂದು ಹಾಕಬಹುದು. ಕ್ರೋಮ್‌ಬುಕ್‌ನಲ್ಲಿ ಅದಕ್ಕೆ ಲಿನಕ್ಸ್ ಎಂಬ ಒಳಕೋಣೆ ತೆರೆಯಬೇಕು. ಅದನ್ನು ಇಳಿಸಲು ಡೇಟಾ ಬೇಕು, ಪಕ್ಕದಲ್ಲಿ ಗೊತ್ತಿರುವವರೂ ಬೇಕು.

ಹಾಗೆಂದು ವಿಂಡೋಸ್ ಹಾಲಿನಲ್ಲಿ ತೊಳೆದದ್ದಲ್ಲ. ವಿಂಡೋಸ್ 11 ಹೋಮ್ ಕೂಡ ಮೊದಲ ದಿನ ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆಮೇಲೆ ಹಾಟ್‌ಸ್ಪಾಟ್ ಸಿಕ್ಕಿತೆಂದರೆ ಅಪ್‌ಡೇಟ್ ಇಳಿಸಲು ಶುರುಮಾಡಿ, ದಿನಕ್ಕೆ 1.5 ಜಿಬಿ ಪ್ಯಾಕ್ ಇರುವ ಉಪ್ಪನ ಡೇಟಾವನ್ನು ಅರ್ಧ ಗಂಟೆಯಲ್ಲಿ ಕುಡಿದು ಬಿಡಬಹುದು. ವೈಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟ್‌ಗೆ Metered connection ಆನ್ ಮಾಡಿದರೆ ಇದಕ್ಕೆ ಬಹುಮಟ್ಟಿಗೆ ಕಡಿವಾಣ ಬೀಳುತ್ತದೆ. ವರ್ಡ್‌ಗೆ ದುಡ್ಡಿಲ್ಲದಿದ್ದರೆ ಕದ್ದ ಕಾಪಿ ಹಾಕಿಸಬೇಡಿ. ಲಿಬ್ರೆ ಆಫೀಸ್ ಉಚಿತ, ಒಮ್ಮೆ ಹಾಕಿದರೆ ನೆಟ್ ಕೇಳುವುದಿಲ್ಲ. ಮತ್ತೆ, 4 ಜಿಬಿ ರ‍್ಯಾಮ್‌ನ ಅಗ್ಗದ ವಿಂಡೋಸ್ ಯಂತ್ರ ಮಗುವಿನ ತಾಳ್ಮೆ ಕೆಡಿಸುತ್ತದೆ. 8 ಜಿಬಿ ರ‍್ಯಾಮ್, ಒಳಗೆ ಎಸ್‌ಎಸ್‌ಡಿ, ಇದಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುವುದು ನನ್ನ ಮಾತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು, ಗಲ್ಫ್‌ನಿಂದ ಮಾವ ತರುವ ಪೆಟ್ಟಿಗೆಗೆ ಕಾಯುವವರು ಇಲ್ಲಿ ಸ್ವಲ್ಪ ನಿಲ್ಲಿ. ಹೊರದೇಶದ ಶಾಲೆಗಳು ಬಳಸಿ ಬಿಟ್ಟ ಕ್ರೋಮ್‌ಬುಕ್ ಅಗ್ಗಕ್ಕೆ ಸಿಗುತ್ತವೆ. ಲಾಗಿನ್ ಪರದೆಯಲ್ಲಿ managed by ಎಂದು ಯಾವುದೋ ಶಾಲೆಯ ಹೆಸರು ಕಂಡರೆ ಮುಟ್ಟಬೇಡಿ. ಆ ಶಾಲೆಯೇ ಬಿಡಿಸಬೇಕು, ಫಾರ್ಮ್ಯಾಟ್ ಮಾಡಿದರೂ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇನ್ನೊಂದು, ಪ್ರತಿ ಕ್ರೋಮ್‌ಬುಕ್ ಮಾಡೆಲ್‌ಗೂ ಅಪ್‌ಡೇಟ್ ನಿಲ್ಲುವ ತಾರೀಖು ಇದೆ. Settings ಒಳಗೆ About ChromeOS ಗೆ ಹೋದರೆ Update schedule ಎಂಬಲ್ಲಿ ಕಾಣುತ್ತದೆ. 2021ರ ನಂತರ ಬಂದ ಮಾಡೆಲ್‌ಗಳಿಗೆ ಗೂಗಲ್ 10 ವರ್ಷ ಅಪ್‌ಡೇಟ್ ಕೊಡುತ್ತದೆ. ಆದರೆ ಆ ಹತ್ತು ವರ್ಷದ ಲೆಕ್ಕ ಶುರುವಾಗುವುದು ಮಾಡೆಲ್‌ನ ಪ್ಲಾಟ್‌ಫಾರ್ಮ್ ಬಿಡುಗಡೆಯಾದಂದು, ನೀವು ಕೊಂಡಂದಲ್ಲ. ಹಳೆಯ ವಿಂಡೋಸ್ ಕೊಳ್ಳುವವರಿಗೂ ಇಂಥದೇ ತಾರೀಖು ಇದೆ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ 8ನೇ ಜನರೇಷನ್‌ಗಿಂತ ಹಳೆಯ ಪ್ರೊಸೆಸರ್ ಬಹುತೇಕ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಅಂಗಡಿಯವರು ‘ಹಾಕಿಕೊಡುತ್ತೇನೆ ಕಾಕ’ ಎಂದರೂ ಒಪ್ಪಬೇಡಿ.

ಹಾಗಾದರೆ ಅಜ್ಜಂಪುರದ ಆ ಮಗಳಿಗೆ? ಎರಡು ವರ್ಷದಲ್ಲಿ ಪಿಯುಸಿ, ಮನಸ್ಸು ಕಾಮರ್ಸ್ ಕಡೆ, ಶಾಲೆ ಕನ್ನಡ ಮಾಧ್ಯಮ, ಸಂಜೆ ನೆಟ್ ಇಲ್ಲ. ಆ ಮನೆಗೆ ವಿಂಡೋಸೇ ಸರಿ, ಹೊಸದಕ್ಕೆ ದುಡ್ಡು ಸಾಲದಿದ್ದರೆ 8ನೇ ಜನರೇಷನ್‌ನ ಬಳಸಿದ ಯಂತ್ರವಾದರೂ ಆದೀತು. ತರೀಕೆರೆ ಪೇಟೆಯಲ್ಲಿ ವೈಫೈ ಇರುವ ಮನೆಯ ಐದನೇ ಕ್ಲಾಸಿನ ಹುಡುಗನಿಗೆ ನಾನು ಕ್ರೋಮ್‌ಬುಕ್ ಎನ್ನುತ್ತೇನೆ. ವೈರಸ್ ಕಾಟ ಕಡಿಮೆ, ಕರೆಂಟ್ ಹೋದರೂ ಸಾಮಾನ್ಯವಾಗಿ ಸಂಜೆಯಿಡೀ ಬ್ಯಾಟರಿ ಬರುತ್ತದೆ, ಅವನಿಗೆ ಟ್ಯಾಲಿ ಬೇಕಾಗುವ ಹೊತ್ತಿಗೆ ಆ ಯಂತ್ರಕ್ಕೂ ವಯಸ್ಸಾಗಿರುತ್ತದೆ.

ಅಂಗಡಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ಜೇಬಿನಲ್ಲಿರಲಿ. ಅದರಲ್ಲಿ ಶಾಲೆ ಕೊಟ್ಟ ಒಂದು ಕನ್ನಡ ವರ್ಡ್ ಫೈಲ್, ಒಂದು ಪಾಠದ ವಿಡಿಯೋ ಇಟ್ಟುಕೊಳ್ಳಿ. ಅಂಗಡಿಯ ವೈಫೈ ಆಫ್ ಮಾಡಿಸಿ, ಮಗುವಿನ ಕೈಯಲ್ಲೇ ಎರಡನ್ನೂ ತೆರೆಸಿ ನೋಡಿ, ಆಮೇಲೆ ದುಡ್ಡು ಕೊಡಿ.