ನಿವೃತ್ತ ಶಿಕ್ಷಕಿಯೊಬ್ಬರ ಅಶ್ಮರಿ

ಮಾಗಡಿ ತಾಲ್ಲೂಕಿನ ಗ್ರಾಮವೊಂದರಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಶಿಕ್ಷಕಿಯೊಬ್ಬರು ಬೇಸಿಗೆಯಲ್ಲಿ ರಾಮನಗರದ ನನ್ನ ಚಿಕಿತ್ಸಾಲಯಕ್ಕೆ ಬಂದರು. ಎಡಪಕ್ಕೆಯಿಂದ ಹೊರಟು ತೊಡೆಸಂದಿಗೆ ಇಳಿಯುವ ನೋವು. ಕುಳಿತರೂ ಮಲಗಿದರೂ ನೆಮ್ಮದಿಯಿಲ್ಲ. ಸ್ಕ್ಯಾನ್ ಮಾಡಿಸಿದಾಗ ಎಡ ಮೂತ್ರನಾಳದಲ್ಲಿ 4 ಮಿ.ಮೀ. ಗಾತ್ರದ ಕಲ್ಲು ಕಂಡಿತು. ಆಯುರ್ವೇದವು ಅಶ್ಮರಿ ಎಂದು ಕರೆಯುವುದು ಇದನ್ನೇ.

“ಟೊಮೆಟೊ ಬಿಟ್ಟಿದ್ದೇನೆ, ರಾಗಿಯನ್ನೂ ಬಿಟ್ಟಿದ್ದೇನೆ ಡಾಕ್ಟರೇ. ಇದು ನಮ್ಮ ಬೋರ್‌ವೆಲ್ ನೀರಿನದೇ ದೋಷ” ಎಂದರು. ನಮ್ಮ ಭಾಗದಲ್ಲಿ ಎಲ್ಲರೂ ಹೀಗೆಯೇ ನಂಬಿದ್ದಾರೆ. ಆಹಾರದ ಸುಣ್ಣದಂಶವು ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದಿಡುತ್ತದೆ. ಆದ್ದರಿಂದ ರಾಗಿ, ಹಾಲು, ಮಜ್ಜಿಗೆಯನ್ನು ಬಿಡುವುದರಿಂದ ಕೇಡೇ ಹೆಚ್ಚು.

ದಿನಕ್ಕೆಷ್ಟು ನೀರು ಕುಡಿಯುತ್ತೀರಿ ಎಂದರೆ “ಬಾಯಾರಿದಾಗ” ಎಂಬ ಉತ್ತರ ಬಂದಿತು. ಅದಕ್ಕಾಗಿ ಒಂದು ಕೆಲಸ ಹೇಳಿದೆ. ಬೆಳಗಿನ ಮೊದಲ ಮೂತ್ರವನ್ನು ಬಿಟ್ಟು, ಅನಂತರದ್ದೆಲ್ಲವನ್ನೂ ಮರುದಿನ ಬೆಳಗಿನ ಮೊದಲನೆಯದೂ ಸೇರುವಂತೆ ಅಳತೆಯ ಪಾತ್ರೆಯಲ್ಲಿ ಸಂಗ್ರಹಿಸಬೇಕು. ಅವರದು 850 ಮಿ.ಲೀ. ಆಯಿತು. ಕಲ್ಲು ಕಟ್ಟುವ ದೇಹಪ್ರಕೃತಿಯವರಿಗೆ ಕನಿಷ್ಠ ಎರಡರಿಂದ ಎರಡೂವರೆ ಲೀಟರ್ ಆಗಬೇಕು.

ಕಾರಣ ನಿಧಾನವಾಗಿ ಹೊರಬಂದಿತು. ಶಾಲೆಯಲ್ಲಿ ಹೆಂಗಸರಿಗೆ ಸರಿಯಾದ ಶೌಚಾಲಯವಿರಲಿಲ್ಲ, ಬಸ್ಸಿನ ಪ್ರಯಾಣ ಬೇರೆ. ಹಾಗಾಗಿ ಸಂಜೆಯವರೆಗೆ ನೀರು ಮುಟ್ಟದ ಅಭ್ಯಾಸ ಬೇರೂರಿತ್ತು. ನಿವೃತ್ತಿಯ ಬಳಿಕ ಮಧ್ಯಾಹ್ನದ ದಾಹಕ್ಕೆ ಎದುರಿನ ಅಂಗಡಿಯಿಂದ ಅರ್ಧ ಲೀಟರ್ ಕೋಲಾ ಬರತೊಡಗಿತು, ಪ್ರತಿದಿನವೂ. ಅದರಲ್ಲಿ ಸುಮಾರು 50 ಗ್ರಾಂ ಸಕ್ಕರೆಯಿರುತ್ತದೆ. ಅಷ್ಟು ಸಕ್ಕರೆ ಮೂತ್ರಕ್ಕೆ ಸುಣ್ಣದಂಶವನ್ನು ಹೆಚ್ಚಾಗಿ ಹರಿಸುತ್ತದೆ. ಕೋಲಾದ ಫಾಸ್ಫಾರಿಕ್ ಆಮ್ಲವೂ ಕಲ್ಲಿಗೆ ಅನುಕೂಲವೇ. ಕೋಲಾ ಕುಡಿದವರಿಗೆಲ್ಲ ಕಲ್ಲಾಗುವುದಿಲ್ಲ. ಆದರೆ ಇವರಲ್ಲಿ ಮೂತ್ರವು ಅಲ್ಪವಾಗಿ, ಗಾಢವಾಗಿತ್ತು. ಹೆಚ್ಚಿದ ಸುಣ್ಣದಂಶವು ಕರಗಿರಲಾರದೆ ಹರಳುಗಟ್ಟಿತು.

5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳು ಬಹುಪಾಲು ತಾವಾಗಿಯೇ ಹೊರಬೀಳುತ್ತವೆ. ನೋವಿಗೆ ಔಷಧ, ಜೊತೆಗೆ ವರುಣ ಮತ್ತು ಗೋಕ್ಷುರದ ಕಷಾಯ ಕೊಟ್ಟೆ. ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ನನಗೂ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಿದೆ. ಆಗ ಕಷಾಯವನ್ನು ನಂಬಿ ಕೂರುವುದು ಅಪಾಯಕರ. ಮೂರನೆಯ ವಾರ ಕಲ್ಲು ಬಿದ್ದಿತು. ಪರೀಕ್ಷೆಯಲ್ಲಿ ಅದು ಕ್ಯಾಲ್ಸಿಯಂ ಆಕ್ಸಲೇಟ್ ಎಂದು ತಿಳಿಯಿತು.

ಕೋಲಾದ ಜಾಗಕ್ಕೆ ಸಕ್ಕರೆ ಹಾಕದ ನಿಂಬೆಪಾನಕ ಬಂದಿತು. ನಿಂಬೆಯ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಅವರ ಹೃದಯ, ಮೂತ್ರಪಿಂಡಗಳು ಚೆನ್ನಾಗಿದ್ದುದರಿಂದ ನೀರನ್ನು ಹೆಚ್ಚಿಸಲು ಅಡ್ಡಿಯಿರಲಿಲ್ಲ. ಆ ಕಾಯಿಲೆಗಳಿದ್ದವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು. ಎರಡು ತಿಂಗಳ ನಂತರ ಅಳೆದಾಗ 2,200 ಮಿ.ಲೀ. ಬಂದಿತ್ತು. ನೆನಪಿಟ್ಟುಕೊಂಡು ಹೇಗೆ ಕುಡಿದಿರಿ ಎಂದೆ. ಶಾಲೆಯ ಎಂಟು ಪೀರಿಯಡ್‌ಗಳ ಹೊತ್ತಿಗೆ ಒಂದೊಂದು ಲೋಟದಂತೆ ಮನೆಯಲ್ಲಿ ವೇಳಾಪಟ್ಟಿ ಬರೆದು ಅಂಟಿಸಿದ್ದಾರಂತೆ.